ಒಂದು ಜೊತೆ ಜುಮುಕಿಗೆ ನಾಲ್ಕು ಸಾಲು: ದುಬಾರಿ ಒಡವೆಯ ಬಗ್ಗೆ ಜಂಬವಿಲ್ಲದೆ ಬರೆಯುವ ಬಗೆ

ಮೈಸೂರಿನ ಅಶೋಕ ರಸ್ತೆಯಲ್ಲೋ ದೇವರಾಜ ಅರಸು ರಸ್ತೆಯಲ್ಲೋ ಸ್ವಲ್ಪ ದೂರ ನಡೆದು ಒಡವೆ ಅಂಗಡಿಗಳ ಬ್ಯಾನರ್‌ಗಳನ್ನು ಓದಿ ನೋಡಿ. ಅರಸರ ವೈಭವ, ಅಪ್ರತಿಮ ಸೌಂದರ್ಯ, ತಲೆಮಾರುಗಳ ನಂಬಿಕೆ. ರಾತ್ರೋರಾತ್ರಿ ಯಾರಾದರೂ ಬ್ಯಾನರ್‌ಗಳನ್ನು ಅದಲು ಬದಲು ಮಾಡಿದರೂ ಬೆಳಗ್ಗೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ದೊಡ್ಡ ಅಂಗಡಿಗೆ ಇದು ನಡೆಯುತ್ತದೆ. ಜನ ಬ್ಯಾನರ್ ಓದಿ ಒಳಗೆ ಬರುವುದಿಲ್ಲ, ಅಮ್ಮ ಅಜ್ಜಿ ಹೋಗುತ್ತಿದ್ದ ಅಂಗಡಿ ಅಂತ ಬರುತ್ತಾರೆ.

ಮನೆಯ ಒಂದು ಕೋಣೆಯಲ್ಲೋ ಸಣ್ಣ ಮಳಿಗೆಯಲ್ಲೋ ಬೊಟೀಕ್ ನಡೆಸುವವರಿಗೆ ಆ ಅನುಕೂಲ ಇಲ್ಲ. ಗಿರಾಕಿ ಅವರನ್ನು ನೋಡಿರುವುದೇ ಇಲ್ಲ. ಮೊಬೈಲಿನಲ್ಲಿ ಒಂದು ಫೋಟೊ, ಅದರ ಕೆಳಗೆ ನಾಲ್ಕು ಸಾಲು. ಅಷ್ಟರಲ್ಲೇ ಲಕ್ಷಕ್ಕೂ ಮೀರಿದ ಒಡವೆಯನ್ನು ನಂಬಬೇಕಾ ಬೇಡವಾ ಅಂತ ತೀರ್ಮಾನಿಸುತ್ತಾರೆ. ಹಾಗಾಗಿ ಆ ನಾಲ್ಕು ಸಾಲನ್ನು ಬರೆಯುವುದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ನೋಡೋಣ. ಬ್ರ್ಯಾಂಡಿನ ಕಥೆ, ಲೋಗೊ, ಜಾಹೀರಾತು ಬೇರೆ ವಿಷಯ.

ಉದಾಹರಣೆಗೆ ಸರಸ್ವತಿಪುರಂನಲ್ಲಿ ಒಂದು ಸಣ್ಣ ಬೊಟೀಕ್ ಇದೆ ಅಂದುಕೊಳ್ಳಿ. ಅವರ ಹೊಸ ಒಡವೆ ಒಂದು ಜೊತೆ ಓಲೆ ಜುಮುಕಿ. ಒಡತಿ ತಾವೇ ಬರೆದ ಮೊದಲ ಕರಡು ಹೀಗಿದೆ:

"ಮೈಸೂರು ಅರಸರ ಶತಮಾನಗಳ ವೈಭವವನ್ನು ನೆನಪಿಸುವ ಅಪ್ರತಿಮ ಜುಮುಕಿ. ನುರಿತ ಕುಶಲಕರ್ಮಿಗಳು ಸಂಪೂರ್ಣ ಕೈಯಲ್ಲೇ ರೂಪಿಸಿದ, 100% ಶುದ್ಧ ಚಿನ್ನದ, ಅಪ್ಪಟ ಮಾಣಿಕ್ಯದ ಕಲಾಕೃತಿ. ಧರಿಸಿದ ಕ್ಷಣ ನೀವೇ ಮಹಾರಾಣಿ! ಇಂಥದ್ದು ಬೇರೆಲ್ಲೂ ಸಿಗದು!"

ಇದನ್ನು ಓದಿದಾಗ ಜುಮುಕಿ ಹೇಗಿದೆ ಅಂತ ನಿಮಗೆ ಏನಾದರೂ ಗೊತ್ತಾಯಿತಾ? ನನಗಂತೂ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಇದರಲ್ಲಿ ಕೆಲವು ಮಾತು ಬರೀ ಜಂಬ, ಕೆಲವು ಸುಳ್ಳು. ಯಾವುದು ಯಾವುದು ಅಂತ ಗೊತ್ತಾಗಬೇಕಾದರೆ ಒಡವೆಯ ಹತ್ತಿರ ಹೋಗಬೇಕು.

ಮೊದಲು ತೂಕ, ಅಳತೆ, ಆಚಾರ್ರ ಮಾತು

ಬರೆಯಲು ಕೂರುವ ಮೊದಲು ಜುಮುಕಿಯನ್ನು ಕೈಗೆ ತೆಗೆದುಕೊಳ್ಳಿ. ಪಕ್ಕದಲ್ಲಿ ತಕ್ಕಡಿ, ಸ್ಕೇಲು, ಹರಳು ನೋಡುವ ಭೂತಗನ್ನಡಿ ಇರಲಿ. ಕಾಗದದ ಮೇಲೆ ಕಂಡದ್ದನ್ನು ಮಾತ್ರ ಬರೆಯಿರಿ. ಸುಂದರ, ಮನಮೋಹಕ ಎಲ್ಲ ಈಗ ಬೇಡ.

ನಮ್ಮ ಜುಮುಕಿಯ ಪಟ್ಟಿ ಹೀಗೆ ಬಂತು ಅನ್ನಿ. ಜೋಡಿಯ ಒಟ್ಟು ತೂಕ 16.8 ಗ್ರಾಂ. ಅದರಲ್ಲಿ ಚಿನ್ನ 14.6 ಗ್ರಾಂ. ಉಳಿದ 2.2 ಗ್ರಾಂ ಹರಳು, ಮುತ್ತು ಮತ್ತು ಹರಳಿನ ಹಿಂದೆ ತುಂಬಿದ ಅರಗು. ಉದ್ದ ನಾಲ್ಕೂವರೆ ಸೆಂಟಿಮೀಟರ್. ಒಂದೊಂದು ಓಲೆಯಲ್ಲಿ ಒಂಬತ್ತು ಕೆಂಪು ಹರಳು. ಜುಮುಕಿಯ ಬಟ್ಟಲಿನ ಅಂಚಿಗೆ ಚಿನ್ನದ ರವೆಯ ಸಾಲು, ಅದರ ಕೆಳಗೆ ಮುತ್ತಿನ ಗೊಂಚಲು. ಹಿಂದೆ ತಿರುಪು. ಓಲೆಯ ಕೆಳಗೆ ಸಣ್ಣ ಕೊಕ್ಕೆ ಇದೆ, ಜುಮುಕಿಯನ್ನು ಅದರಿಂದ ಬಿಚ್ಚಬಹುದು.

ಈ ಕೊನೆಯ ಸಂಗತಿ ಕರಡಿನಲ್ಲಿ ಇರಲೇ ಇಲ್ಲ ನೋಡಿ. ಮಹಾರಾಣಿ ಬಂದಳು, ಕೊಕ್ಕೆ ಬರಲಿಲ್ಲ.

ಆಮೇಲೆ ಮಾಡಿದವರನ್ನು ಕೇಳಬೇಕು. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಫೋನಿನಲ್ಲಿ ಕೇಳಿದರೆ "ಎಲ್ಲಾ ಕೈ ಕೆಲಸಾನೇ ಅಮ್ಮ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಡವೆಯನ್ನು ಅವರ ಮುಂದಿಟ್ಟು ಒಂದೊಂದೇ ಭಾಗ ತೋರಿಸಿ ಕೇಳಿದರೆ ಮಾತು ಬೇರೆಯಾಗುತ್ತದೆ.

"ಆಚಾರ್ರೇ, ಈ ಬಟ್ಟಲೂ ಕೈಯಲ್ಲೇ ಮಾಡಿದ್ದಾ?"

"ಇಲ್ಲಮ್ಮ, ಅದು ಅಚ್ಚಲ್ಲಿ ಒತ್ತಿದ್ದು. ಎಲ್ಲರೂ ಈಗ ಹಂಗೇ ಮಾಡೋದು."

"ಈ ರವೆ?"

"ಅದು ಕೈಯಲ್ಲೇ. ಒಂದೊಂದೇ ಇಟ್ಟು ಬೆಸುಗೆ ಹಾಕಿರೋದು. ಬೆಂಕಿ ಒಂಚೂರು ಜಾಸ್ತಿ ಆದ್ರೆ ಸಾಲು ಪೂರ್ತಿ ಕರಗಿ ಒಂದಾಗೋಗತ್ತೆ. ಎರಡು ದಿನ ಹಿಡೀತು."

ಇಷ್ಟು ಸಿಕ್ಕರೆ ಅರ್ಧ ಬರಹ ಮುಗಿದ ಹಾಗೆ. "ಸಂಪೂರ್ಣ ಕೈಯಲ್ಲೇ" ಅನ್ನುವುದು ಸುಳ್ಳು ಅಂತ ಗೊತ್ತಾಯಿತು. ಅದರ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಮಾತು ಬಂತು: ರವೆಯನ್ನು ಒಂದೊಂದಾಗಿ ಇಟ್ಟು ಬೆಸೆದದ್ದು. ಇದನ್ನು ಓದುವವರು ಫೋಟೊವನ್ನು ದೊಡ್ಡದು ಮಾಡಿ ಆ ಸಾಲನ್ನೇ ಹುಡುಕುತ್ತಾರೆ.

ಆಚಾರ್ರು ಹತ್ತಿರ ಇಲ್ಲದಿದ್ದರೆ ಭೂತಗನ್ನಡಿಯಲ್ಲಿ ನೀವೇ ಸ್ವಲ್ಪ ಕಂಡುಹಿಡಿಯಬಹುದು. ಎಡ ಬಲ ಎರಡೂ ಜುಮುಕಿಯ ಕೆತ್ತನೆಯನ್ನು ಪಕ್ಕಪಕ್ಕ ಹಿಡಿಯಿರಿ. ಒಂದರಲ್ಲಿರುವ ಸಣ್ಣ ಓರೆಯೇ ಇನ್ನೊಂದರಲ್ಲೂ ಅದೇ ಜಾಗದಲ್ಲಿದ್ದರೆ ಅಚ್ಚು ಅಥವಾ ಎರಕ ಇರಬಹುದು. ಕೈ ಕೆಲಸದಲ್ಲಿ ಎರಡು ಎಂದೂ ಪೂರ್ತಿ ಒಂದೇ ಥರ ಬರುವುದಿಲ್ಲ. ಅಚ್ಚಿನ ಕೆಲಸ ಅಂದರೆ ನಾಚಿಕೆಪಡುವಂಥದ್ದೇನೂ ಅಲ್ಲ. ಅದನ್ನು ಕೈ ಕೆಲಸ ಅಂತ ಬರೆದರೆ ಮಾತ್ರ ತೊಂದರೆ.

ಎದುರು ಅಂಗಡಿ ಪರೀಕ್ಷೆ

ಈಗ ಮೊದಲ ಕರಡನ್ನು ಎತ್ತಿಕೊಳ್ಳಿ. ಪ್ರತಿ ಮಾತಿಗೂ ಒಂದೇ ಪ್ರಶ್ನೆ: ಎದುರು ಅಂಗಡಿಯವರು ತಮ್ಮ ಜುಮುಕಿಗೂ ಇದನ್ನೇ ಬರೆಯಬಹುದಾ? ಬರೆಯಬಹುದು ಅಂದರೆ ಅಡ್ಡಗೆರೆ ಎಳೆಯಿರಿ. ಅಪ್ರತಿಮ ಹೋಯಿತು. ಕಲಾಕೃತಿ ಹೋಯಿತು. ನುರಿತ ಕುಶಲಕರ್ಮಿಗಳು ಹೋದರು. ನುರಿಯದವರ ಕೈಗೆ ಯಾರು ಚಿನ್ನ ಕೊಡುತ್ತಾರೆ?

"ಇಂಥದ್ದು ಬೇರೆಲ್ಲೂ ಸಿಗದು" ಅನ್ನುವುದು ಬರೀ ಜಂಬ ಅಲ್ಲ, ಸಾಬೀತು ಮಾಡಬೇಕಾದ ಮಾತು. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದಿದೆ. ಇನ್‌ಸ್ಟಾಗ್ರಾಂ ಪೋಸ್ಟೂ ಜಾಹೀರಾತೇ. ಸಣ್ಣ ಅಂಗಡಿ ಅಂತ ವಿನಾಯಿತಿ ಇಲ್ಲ.

"ನೀವೇ ಮಹಾರಾಣಿ" ಬಗ್ಗೆ ಒಂದು ಮಾತು. ಗಿರಾಕಿಯನ್ನು ಹೊಗಳಿದರೆ ಅದು ಜಂಬ ಹೇಗಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಜುಮುಕಿ ಹಾಕಿದ್ದಕ್ಕೇ ನೀವು ಮಹಾರಾಣಿ ಆದಿರಿ ಅಂದರೆ ಹೊಗಳಿದ್ದು ಯಾರನ್ನು? ಒಡವೆಯನ್ನೇ ಅಲ್ವಾ. ಅದಲ್ಲದೆ ಅಷ್ಟು ದುಡ್ಡು ಕೊಟ್ಟು ಒಡವೆ ಕೊಳ್ಳುವ ಹೆಂಗಸಿಗೆ ತಾನು ಯಾರು ಅಂತ ಅಂಗಡಿಯವರು ಹೇಳಬೇಕಾಗಿಲ್ಲ.

ಅರಮನೆಯ ಸೆಳೆತ

ಮೈಸೂರಿನಲ್ಲಿ ಬರೆಯುವವರಿಗೆ ಇದು ಬೇರೆಯದೇ ತಲೆನೋವು. ಅರಮನೆ ಕಣ್ಣೆದುರೇ ಇದೆ, ಬಳಸದೆ ಇರುವುದು ಕಷ್ಟ. ಆದರೆ ಊರಿನಲ್ಲಿ ಎಲ್ಲರೂ ಬಳಸುವುದರಿಂದ ಆ ಮಾತಿಗೆ ಈಗ ಬೆಲೆಯೇ ಇಲ್ಲ. ತಪ್ಪೂ ಬೇಗ ಆಗುತ್ತದೆ. "ಶತಮಾನಗಳ ಹಳೆಯ ಅರಮನೆಯ ಕಂಬದಿಂದ ಪ್ರೇರಿತ" ಅಂತ ಬರೆಯುವವರಿದ್ದಾರೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, ಮುಗಿದದ್ದು 1912ರಲ್ಲಿ. ಶಾಲೆಯಲ್ಲಿ ಟೂರ್ ಹೋದ ಮಗುವಿಗೂ ಗೊತ್ತಿರುವ ವಿಷಯ ಇದು. ಇಲ್ಲಿ ಸಿಕ್ಕಿಬಿದ್ದರೆ ಚಿನ್ನದ ತೂಕದ ಮಾತನ್ನು ಯಾರು ನಂಬುತ್ತಾರೆ?

ವಿನ್ಯಾಸ ನಿಜವಾಗಿಯೂ ಅರಮನೆಯಿಂದ ಬಂದಿದ್ದರೆ ಯಾವುದರಿಂದ ಅಂತ ಬೆರಳಿಟ್ಟು ತೋರಿಸಿ. ಕಲ್ಯಾಣ ಮಂಟಪದ ಗಾಜಿನ ಚಾವಣಿಯಲ್ಲಿ ನವಿಲುಗಳಿವೆ. ಆ ನವಿಲನ್ನು ನೋಡಿ ಪದಕ ಮಾಡಿದ್ದರೆ "ಕಲ್ಯಾಣ ಮಂಟಪದ ಚಾವಣಿಯ ನವಿಲು" ಅಂತ ಬರೆಯಿರಿ, ಅಷ್ಟೇ ಸಾಕು. ವೈಭವ, ಭವ್ಯ ಪರಂಪರೆ ಏನೂ ಬೇಡ. ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರದಲ್ಲಿ ಕಂಡ ಸರವಾದರೆ ಆ ಚಿತ್ರದ ಹೆಸರು ಹೇಳಿ. ಓದುವವರು ಭಾನುವಾರ ಹೋಗಿ ನೋಡಿ ಬರಲಿ. ನಮ್ಮ ಜುಮುಕಿಗೆ ಅಂಥ ಸಂಬಂಧ ಏನೂ ಇರಲಿಲ್ಲ. ಹಾಗಾಗಿ ಅರಮನೆಯನ್ನು ಪೂರ್ತಿ ತೆಗೆದೆವು.

ಹರಳಿನ ನಿಜ, ಚಿನ್ನದ ನಿಜ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ದುಬಾರಿ ಒಡವೆಯ ಬರಹ ಹಾಳಾಗುವುದು ಇಲ್ಲೇ.

"100% ಶುದ್ಧ ಚಿನ್ನ" ಅಂತ ಇತ್ತು. 22 ಕ್ಯಾರಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಅದು ಇಲ್ಲದಿದ್ದರೆ ಒಡವೆ ಗಟ್ಟಿ ನಿಲ್ಲುವುದಿಲ್ಲ. ಹಾಗಾಗಿ ಶುದ್ಧ ಅನ್ನುವ ಮಾತೇ ಬೇಡ, "22 ಕ್ಯಾರಟ್, 916" ಅಂತ ಬರೆಯಿರಿ. ಇದರ ಜೊತೆ ಹಾಲ್‌ಮಾರ್ಕ್. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಚಿನ್ನದ ಒಡವೆ ಮಾರಬೇಕಾದರೆ ಅದರ ಮೇಲೆ ಆರು ಅಕ್ಷರ, ಅಂಕೆಗಳ ಎಚ್‌ಯುಐಡಿ ಇರಬೇಕು. ಗಿರಾಕಿ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ತಾವೇ ನೋಡಬಹುದು. "ನಂಬಿಕೆಗೆ ಇನ್ನೊಂದು ಹೆಸರು" ಅಂತ ಬರೆಯುವ ಬದಲು "ಎಚ್‌ಯುಐಡಿ ತಿರುಪಿನ ಕಡ್ಡಿಯ ಮೇಲಿದೆ" ಅಂತ ಬರೆದು ನೋಡಿ. ನಂಬಿ ಅಂತ ಕೇಳಲೇ ಇಲ್ಲ, ಆದರೂ ನಂಬುತ್ತಾರೆ.

ಇನ್ನೂ ಕೆಲವು ಕಡೆ "916 ಕೆಡಿಎಂ" ಅಂತ ಹೆಮ್ಮೆಯಿಂದ ಬರೆಯುತ್ತಾರೆ. ಕೆಡಿಎಂ ಅನ್ನುವುದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಿಂದ ಬಂದ ಹೆಸರು. ಆ ಹೊಗೆ ಕೆಲಸ ಮಾಡುವವರ ಶ್ವಾಸಕೋಶಕ್ಕೆ ಕೆಟ್ಟದ್ದು. ಅದು ಪರಿಶುದ್ಧತೆಯ ಮುದ್ರೆ ಅಲ್ಲ. ತಿಳಿದವರು ಓದಿದರೆ ನಿಮ್ಮ ಮೇಲಿನ ಅಭಿಪ್ರಾಯ ಅಲ್ಲೇ ಇಳಿಯುತ್ತದೆ.

ಇನ್ನು "ಅಪ್ಪಟ ಮಾಣಿಕ್ಯ". ಓಲೆ ಜುಮುಕಿಯಲ್ಲಿ ಕೂರಿಸುವ ಕೆಂಪು ಎಷ್ಟೋ ಸಲ ಗಣಿಯಿಂದ ಬಂದದ್ದಲ್ಲ, ತಯಾರಿಸಿದ್ದು. ಇದು ಇವತ್ತಿನ ಹೊಸ ಮೋಸ ಅಲ್ಲ. ಬೆಂಕಿಯಲ್ಲಿ ಕೆಂಪು ಹರಳು ಬೆಳೆಸುವ ವಿಧಾನವನ್ನು ಫ್ರಾನ್ಸಿನ ವರ್ನ್ಯೂಯಿ 1902ರಲ್ಲೇ ಪ್ರಕಟಿಸಿದ್ದ. ಅಜ್ಜಿಯ ಪೆಟ್ಟಿಗೆಯ ಜುಮುಕಿಯಲ್ಲೂ ಅಂಥ ಹರಳು ಇರಬಹುದು. ನಮ್ಮ ಜುಮುಕಿಯ ಹರಳೂ ಅಂಥದ್ದೇ ಅಂತ ಹರಳು ಕೊಟ್ಟವರ ಬಿಲ್ಲಿನಲ್ಲೇ ಇದೆ. ಹಾಗಿದ್ದ ಮೇಲೆ "ಲ್ಯಾಬ್‌ನಲ್ಲಿ ತಯಾರಾದ ಕೆಂಪು" ಅಂತ ನೇರವಾಗಿ ಬರೆಯಬೇಕು. ಕೆಳಗೆ ಸಣ್ಣ ಅಕ್ಷರದಲ್ಲಲ್ಲ, ತೂಕ ಬರೆದ ಸಾಲಿನ ಪಕ್ಕದಲ್ಲೇ. ಸಂಶಯ ಇದ್ದರೆ ಹರಳಿನ ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿ. ಕಣ್ಣಂದಾಜಿನಲ್ಲಿ ಬರೆಯಬೇಡಿ.

ಹೀಗೆ ಬರೆದರೆ ಲಕ್ಷುರಿ ಎಲ್ಲಿ ಉಳಿಯಿತು ಅಂತ ಒಡತಿಯರು ಮುಖ ಸಣ್ಣ ಮಾಡುತ್ತಾರೆ. ನನ್ನ ಪ್ರಕಾರ ಇಲ್ಲೇ ಇರುವುದು. ಮುಚ್ಚಿಡುವಂಥದ್ದು ಏನೂ ಇಲ್ಲ ಅನ್ನುವ ಧಾಟಿಯೇ ದುಬಾರಿ ಅಂಗಡಿಯ ಧಾಟಿ. ಹೊಗಳಿಕೆ ಜಾಸ್ತಿಯಾದಷ್ಟೂ ಏನೋ ಮಾರಿಹೋಗದೆ ಉಳಿದಿದೆ ಅನ್ನಿಸುತ್ತದೆ.

ಒಟ್ಟು ತೂಕ, ಚಿನ್ನದ ತೂಕ ಎರಡನ್ನೂ ಬೇರೆ ಬೇರೆ ಬರೆಯಿರಿ. "ಅರಗು ಎಷ್ಟು?" ಅಂತ ನಮ್ಮ ಕಡೆಯ ಹೆಂಗಸರು ಕೇಳಿಯೇ ಕೇಳುತ್ತಾರೆ. ಬೆಲೆಯ ವಿಷಯದಲ್ಲಿ, ಚಿನ್ನದ ರೇಟು ದಿನಾ ಬದಲಾಗುವುದರಿಂದ ಒಂದೇ ಮೊತ್ತ ಬರೆದು ಆಮೇಲೆ ತಿದ್ದುತ್ತಾ ಕೂರುವುದು ಕಷ್ಟ. ಚಿನ್ನದ ತೂಕ, ಕೂಲಿ ಎಷ್ಟು, ಹರಳು ಮುತ್ತಿಗೆ ಎಷ್ಟು ಅಂತ ಹೇಳಿ, "ಚಿನ್ನಕ್ಕೆ ಆ ದಿನದ ರೇಟು" ಅಂತ ಸೇರಿಸಿದರೆ ಸಾಕು. "ಬೆಲೆಗೆ ಮೆಸೇಜ್ ಮಾಡಿ" ಅನ್ನುವುದು ನನಗೆ ಇಷ್ಟ ಇಲ್ಲ. ಕೇಳುವವರು ಸಂಕೋಚಪಡುತ್ತಾರೆ, ಹೇಳುವವರು ಮುಖ ನೋಡಿ ಬೆಲೆ ಹೇಳುತ್ತಾರೆ ಅನ್ನಿಸುತ್ತದೆ.

ಒಂದೇ ಸಂಗತಿ ಮುಂದೆ

ಪಟ್ಟಿಯಲ್ಲಿ ಈಗ ಎಷ್ಟೋ ಇದೆ. ಎಲ್ಲವನ್ನೂ ಮೊದಲ ಸಾಲಿಗೆ ತುರುಕಿದರೆ ಮತ್ತೆ ಬ್ಯಾನರ್ ಆಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಹಾಗಾಗಿ ಒಂದನ್ನು ಆರಿಸಿ.

ಆರಿಸುವಾಗ ಎರಡು ವಿಷಯ ನೋಡಿ. ಫೋಟೊದಲ್ಲಿ ಕಾಣದೆ ಇರುವುದು ಯಾವುದು? ಹಾಕಿಕೊಳ್ಳುವವರಿಗೆ ದಿನನಿತ್ಯ ಉಪಯೋಗಕ್ಕೆ ಬರುವುದು ಯಾವುದು? ಕೆಂಪು ಬಣ್ಣ ಫೋಟೊದಲ್ಲೇ ಇದೆ, ಅದನ್ನು ಮತ್ತೆ ಹೇಳುವುದು ವ್ಯರ್ಥ. ರವೆಯ ಸಾಲು ಕಾಣುತ್ತದೆ, ಆದರೆ ಹೇಗೆ ಇಟ್ಟರು ಅನ್ನುವುದು ಕಾಣುವುದಿಲ್ಲ. ಕೊಕ್ಕೆಯಂತೂ ಕಾಣುವುದೇ ಇಲ್ಲ. ಓಲೆ ಒಂದನ್ನೇ ಆಫೀಸಿಗೆ ಹಾಕಿಕೊಂಡು ಹೋಗಬಹುದು ಅನ್ನುವುದು ಕೊಳ್ಳುವವರ ಲೆಕ್ಕಾಚಾರವನ್ನೇ ಬದಲಿಸುವ ಸಂಗತಿ. ವರ್ಷಕ್ಕೆ ನಾಲ್ಕು ಮದುವೆಗೆ ಹೊರಬರುವ ಒಡವೆ ಅಲ್ಲ ಇದು ಅಂತ ಗೊತ್ತಾಗುತ್ತದೆ. ಕೊಕ್ಕೆ ಮುಂದೆ ಬರಲಿ, ರವೆ ಎರಡನೆಯದು.

ಬರೆಯುವಾಗ ವಿಶೇಷಣ ಬಿಟ್ಟು ಕ್ರಿಯೆಯ ಕಡೆ ಹೋಗಿ. ಸಿಕ್ಕಿಸು, ಬಿಚ್ಚು, ಇಟ್ಟು ಬೆಸೆ, ತಾಕು. ವಾಕ್ಯ ಚಿಕ್ಕದಿರಲಿ. ಆಶ್ಚರ್ಯಸೂಚಕ ಒಂದೂ ಬೇಡ. ಗಿರಾಕಿಯನ್ನು ನೀವು ಅನ್ನಿ, ಆದರೆ ಪ್ರತಿ ಸಾಲಿನಲ್ಲೂ ಕರೆಯಬೇಡಿ. "ನಾವು" ಅನ್ನುವುದು ಕಡಿಮೆ ಇದ್ದಷ್ಟೂ ಒಳ್ಳೆಯದು.

ಹೀಗೆ ತಿದ್ದಿದ ಮೇಲೆ ಬಂದದ್ದು:

"ಹಗಲಿಗೆ ಓಲೆ ಸಾಕು. ಸಂಜೆ ಮದುವೆಮನೆಗೆ ಹೊರಡುವಾಗ ಕೊಕ್ಕೆಗೆ ಜುಮುಕಿ ಸಿಕ್ಕಿಸಿ. ಬಟ್ಟಲಿನ ಅಂಚಿನ ರವೆಯನ್ನು ಒಂದೊಂದಾಗಿ ಇಟ್ಟು ಬೆಸೆದಿದೆ, ಆ ಸಾಲಿಗೇ ಎರಡು ದಿನ ಹಿಡಿಯಿತು. ತಲೆ ತಿರುಗಿಸಿದರೆ ಮುತ್ತುಗಳು ಒಂದಕ್ಕೊಂದು ತಾಕುವ ಸಣ್ಣ ಸದ್ದು.

22 ಕ್ಯಾರಟ್, 916. ಜೋಡಿಗೆ ಒಟ್ಟು 16.8 ಗ್ರಾಂ, ಚಿನ್ನ 14.6 ಗ್ರಾಂ. ಉದ್ದ 4.5 ಸೆಂ.ಮೀ. ಲ್ಯಾಬ್‌ನಲ್ಲಿ ತಯಾರಾದ ಕೆಂಪು, ಕಲ್ಚರ್ಡ್ ಮುತ್ತು. ಎಚ್‌ಯುಐಡಿ ತಿರುಪಿನ ಕಡ್ಡಿಯ ಮೇಲೆ. ಹರಳಿನ ಹಿಂಬದಿ ಮುಚ್ಚಿದೆ, ಸ್ನಾನಕ್ಕೆ ಮೊದಲು ತೆಗೆದಿಡಿ. ಸೆಂಟ್ ಹಾಕಿಕೊಂಡು ಆರಿದ ಮೇಲೆ ಕಿವಿಗೆ ಹಾಕಿ."

ಕೊನೆಯ ಎರಡು ಮಾತನ್ನು ತೆಗೆಯಿರಿ, ಒಡವೆಗೆ ದೋಷ ಹೇಳಿದ ಹಾಗಾಗುತ್ತದೆ ಅಂತ ಕೆಲವರು ಹೇಳಬಹುದು. ತೆಗೆಯಬೇಡಿ. ಹಿಂಬದಿ ಮುಚ್ಚಿದ ಕಟ್ಟಿನೊಳಗೆ ನೀರು ಹೋದರೆ ಹರಳಿನ ಹಿಂದಿನ ತಗಡು ಮಂಕಾಗಿ ಕೆಂಪು ಕಪ್ಪಾಗಿ ಕಾಣುತ್ತದೆ. ಸೆಂಟಿನಿಂದ ಮುತ್ತಿನ ಹೊಳಪು ಹೋಗುತ್ತದೆ. ಮೊದಲೇ ಹೇಳಿದರೆ ಆರು ತಿಂಗಳ ಮೇಲೆ ಬರುವ ದೂರು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಒಡವೆಯನ್ನು ಬಲ್ಲವರು ಬರೆದಿದ್ದಾರೆ ಅಂತ ಓದುವವರಿಗೆ ತಿಳಿಯುವುದು ಈ ಸಾಲಿನಲ್ಲೇ.

"ಕೇವಲ ಐದು ಜೊತೆ, ಬೇಗ ಬನ್ನಿ" ಅಂತ ಸೇರಿಸುವ ಆಸೆ ಬರುತ್ತದೆ. ನಿಜಕ್ಕೂ ಕಡಿಮೆ ಮಾಡುತ್ತಿದ್ದರೆ ಕಾರಣದ ಜೊತೆ ಹೇಳಿ: "ರವೆ ಕೆಲಸ ಒಬ್ಬರದೇ ಆದ್ದರಿಂದ ತಿಂಗಳಿಗೆ ಎರಡೇ ಜೊತೆ. ಈಗ ಹೇಳಿದರೆ ದಸರಾ ಹೊತ್ತಿಗೆ ಸಿಗುತ್ತದೆ." ನಿಜ ಅಲ್ಲದಿದ್ದರೆ ಬಿಟ್ಟುಬಿಡಿ. ಮುಂದಿನ ತಿಂಗಳು ಅದೇ ಜುಮುಕಿ ಮತ್ತೆ ಕಂಡರೆ ಊರೆಲ್ಲ ನಗುತ್ತದೆ, ಮೈಸೂರು ಅಷ್ಟು ದೊಡ್ಡ ಊರೇನಲ್ಲ.

ಹಾಕುವ ಮೊದಲು

ಜೋರಾಗಿ ಓದಿ. ಅಂಗಡಿಗೆ ಬಂದವರ ಎದುರು ನಿಂತು ಈ ಮಾತನ್ನೇ ಬಾಯಲ್ಲಿ ಹೇಳಲು ನಾಚಿಕೆಯಾಗುವ ಜಾಗ ಇದ್ದರೆ ಅದೇ ಜಂಬದ ಜಾಗ. "ಧರಿಸಿದ ಕ್ಷಣ" ಅಂತ ಯಾರೂ ಮಾತಾಡುವುದಿಲ್ಲ, ಹಾಕಿಕೊಂಡಾಗ ಅನ್ನುತ್ತಾರೆ.

ಆಮೇಲೆ ಆಚಾರ್ರಿಗೆ ಓದಿ ಹೇಳಿ. ತೂಕ, ಕೆಲಸದ ವಿಷಯದಲ್ಲಿ ತಪ್ಪಿದ್ದರೆ ಅವರು ತಕ್ಷಣ ಹಿಡಿಯುತ್ತಾರೆ. "ಎರಡು ದಿನ ಅಲ್ಲಮ್ಮ, ಒಂದೂವರೆ" ಅಂದರೆ ಒಂದೂವರೆ ಅಂತಲೇ ಬರೆಯಿರಿ.

ಕೈ ಕೆಲಸದ ಒಡವೆಯಲ್ಲಿ ಒಂದು ಜೊತೆಯಿಂದ ಇನ್ನೊಂದಕ್ಕೆ ತೂಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಹೊಸ ಜೊತೆ ಬಂದಾಗ ಹಳೆಯ ಬರಹವನ್ನು ಹಾಗೇ ಅಂಟಿಸಬೇಡಿ. ಮತ್ತೆ ತೂಗಿ, ಚಿನ್ನದ ತೂಕವನ್ನು ತಿದ್ದಿ, ಅದು ಬಿಲ್ಲಿನಲ್ಲಿ ಬರೆಯುವ ತೂಕಕ್ಕೆ ಸರಿಯಾಗಿ ಹೊಂದುತ್ತದಾ ನೋಡಿ. ಮುತ್ತು ಕೊಡುವವರು ಬದಲಾದರೆ ಮುತ್ತಿನ ಸಾಲನ್ನೂ ನೋಡಬೇಕು. ರವೆಯನ್ನು ಬೇರೆಯವರು ಇಟ್ಟಿದ್ದರೆ ಆ ಎರಡು ದಿನದ ಮಾತನ್ನು ಅವರನ್ನೇ ಕೇಳಿ ಮತ್ತೆ ಬರೆಯಿರಿ.